ಇನ್ನೂ ಬಾರದ ಲೇಬಲ್ಲಿನ ವಿಳಾಸ

ಕಳೆದ ಮಳೆಗಾಲದಲ್ಲಿ ನಾನೊಂದು ಆಟಿಕೆ ಕಂಪ್ಯೂಟರನ್ನು ಕಾಗದದ ಮೇಲೆ ಕಟ್ಟಿಕೊಂಡೆ. 256 ಬೈಟುಗಳ ನೆನಪು, ಆರೇ ಆರು ಸೂಚನೆಗಳು. ಆ ಸೂಚನೆಗಳನ್ನು ಬೈಟುಗಳಾಗಿಸುವ ಅಸೆಂಬ್ಲರನ್ನೂ ನಾನೇ ಬರೆದೆ. ಅದರ ಪರೀಕ್ಷೆಗೆ ಇಟ್ಟುಕೊಂಡ ಪ್ರೋಗ್ರಾಂ ಇದು. 3ರಿಂದ 0ಯವರೆಗೆ ಮುದ್ರಿಸಿ ನಿಲ್ಲುವುದಷ್ಟೇ ಇದರ ಕೆಲಸ.

```
      LDI 3
loop: OUT
      JZ  end
      SUB 1
      JMP loop
end:  HLT
```

`OUT` ಮತ್ತು `HLT` ಒಂದೊಂದು ಬೈಟು. ಉಳಿದವಕ್ಕೆ ಎರಡೆರಡು: ಸೂಚನೆಯ ಸಂಕೇತಕ್ಕೊಂದು, ಜೊತೆಗಿರುವ ಸಂಖ್ಯೆಗೋ ವಿಳಾಸಕ್ಕೋ ಇನ್ನೊಂದು. ತೊಡಕಿರುವುದು ಮೂರನೆಯ ಸಾಲಿನಲ್ಲಿ. ಸೊನ್ನೆಯಾಗಿದ್ದರೆ `end`ಗೆ ಹಾರು ಎನ್ನುತ್ತದೆ ಅದು, ಆದರೆ ಮೇಲಿನಿಂದ ಓದುತ್ತ ಬಂದವರಿಗೆ `end` ಇನ್ನೂ ಕಂಡೇ ಇಲ್ಲ.

ಆದ್ದರಿಂದ ಎರಡು ಸುತ್ತು. ಪಂಕ್ತಿಯಲ್ಲಿ ಎಲೆ ಹಾಕುವವನಿಗೆ ತಲೆ ಎಣಿಕೆ ಗೊತ್ತಿದ್ದರೆ ಸಾಕು, ಯಾರಿಗೆ ಏನು ಬಡಿಸಬೇಕೆಂಬುದು ಆಮೇಲಿನ ಮಾತು. ಮೊದಲ ಸುತ್ತೂ ಹಾಗೆಯೇ. ಒಂದು ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿ, ಪ್ರತಿ ಸೂಚನೆಯ ಉದ್ದವನ್ನು ಕೂಡಿಸುತ್ತ ಹೋಗುತ್ತದೆ. ಲೇಬಲ್ ಎದುರಾದಾಗ ಆ ಹೊತ್ತಿನ ಎಣಿಕೆಯನ್ನು ಪಟ್ಟಿಯಲ್ಲಿ ಬರೆದಿಡುತ್ತದೆ. `loop` 2ರಲ್ಲಿ, `end` 9ರಲ್ಲಿ. `JZ` ಎಲ್ಲಿಗೆ ಹಾರುತ್ತದೆಂದು ತಿಳಿಯದಿದ್ದರೂ ಅದರ ಉದ್ದ ಎರಡೇ ಎಂಬುದು ತಿಳಿದಿದೆಯಲ್ಲ! ಎರಡನೆಯ ಸುತ್ತು ಪಟ್ಟಿ ನೋಡಿಕೊಂಡು ಬೈಟುಗಳನ್ನು ಬರೆಯುತ್ತದೆ.

ಇದೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಎರಡೂ ಸುತ್ತುಗಳು ಉದ್ದವನ್ನು ಒಂದೇ ರೀತಿ ಲೆಕ್ಕ ಹಾಕುತ್ತವೆ. ಅದು ಮುರಿದರೆ ಏನಾದೀತೆಂದು ನೋಡಲು ಬೇಕೆಂದೇ ನೆನಪನ್ನು 65,536 ಬೈಟುಗಳಿಗೆ ಹಿಗ್ಗಿಸಿದೆ. ಈಗ ಜಿಗಿತಕ್ಕೆ ಎರಡು ರೂಪ: ವಿಳಾಸ 255ರೊಳಗಿದ್ದರೆ ಎರಡು ಬೈಟು, ಮೀರಿದರೆ ಮೂರು. ಮೊದಲ ಸುತ್ತಿಗೆ `end` ಎಲ್ಲಿದೆಯೆಂದು ಗೊತ್ತಿಲ್ಲ. ಹಾಗಾಗಿ `JZ`ಗೆ ಮೂರು ಬೈಟು ಕಾದಿರಿಸಿ, `end` ಅನ್ನು 10 ಎಂದು ಬರೆದುಕೊಂಡಿತು. ಎರಡನೆಯ ಸುತ್ತು ಪಟ್ಟಿಯಲ್ಲಿ 10 ಕಂಡು, ಚಿಕ್ಕ ವಿಳಾಸವೇ ಅಲ್ಲವೇ ಎಂದು ಎರಡೇ ಬೈಟು ಬರೆಯಿತು. ಹಿಂದಿನದೆಲ್ಲ ಒಂದು ಮನೆ ಮುಂದಕ್ಕೆ ಸರಿದು, `HLT` ಹೋಗಿ ಕೂತದ್ದು 9ರಲ್ಲಿ. ಜಿಗಿತ ಮಾತ್ರ 10ಕ್ಕೇ.

ಪ್ರೋಗ್ರಾಂ 3, 2, 1, 0 ಎಂದು ಸರಿಯಾಗಿಯೇ ಮುದ್ರಿಸಿತು. ಮುದ್ರಿಸಿದ್ದನ್ನಷ್ಟೇ ನೋಡುವವರಿಗೆ ಎಲ್ಲವೂ ಸರಿ. ಆದರೆ ಅದು `HLT` ಅನ್ನು ದಾಟಿಹೋಗಿ, ಪ್ರೋಗ್ರಾಮಿನಾಚೆ ಬಿದ್ದಿದ್ದ ಬೈಟುಗಳನ್ನೂ ಸೂಚನೆಗಳೆಂದೇ ಓದತೊಡಗಿತ್ತು.

ಇದಕ್ಕೆ ಹಳೆಯ ಅಸೆಂಬ್ಲರುಗಳು ಇಟ್ಟ ಹೆಸರು ಫೇಸ್ ಎರರ್. ಹಿಡಿಯುವುದು ಸುಲಭ: ಎರಡನೆಯ ಸುತ್ತಿನಲ್ಲೂ ಲೇಬಲ್ ಬಂದಾಗಲೆಲ್ಲ ಎಣಿಕೆಯನ್ನು ಪಟ್ಟಿಯೊಂದಿಗೆ ಹೋಲಿಸಿ, ತಾಳೆಯಾಗದಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಪರಿಹಾರವಾಗಿ ನಾನು ಆರಿಸಿಕೊಂಡದ್ದು ಸೋಮಾರಿ ದಾರಿ. ಮೊದಲ ಸುತ್ತಿನಲ್ಲಿ ಮೂರು ಎಂದು ಕಾದಿರಿಸಿದ್ದರೆ ಎರಡನೆಯದರಲ್ಲೂ ಮೂರೇ, ವಿಳಾಸ ಎಷ್ಟೇ ಚಿಕ್ಕದಿರಲಿ. ಆ ಒಂದು ಬೈಟನ್ನೂ ಉಳಿಸಬೇಕೆಂದರೆ, ಯಾವ ಉದ್ದವೂ ಬದಲಾಗದ ತನಕ ಮೊದಲ ಸುತ್ತನ್ನೇ ಮತ್ತೆ ಮತ್ತೆ ಓಡಿಸಬೇಕು. ಆಗ ಅದು ಎರಡು ಸುತ್ತಿನ ಅಸೆಂಬ್ಲರ್ ಆಗಿ ಉಳಿಯುವುದಿಲ್ಲ.