ಭರಣಿಯೊಳಗಿನ ಕಡಲೆ

ವಾಶಿಯ ದಾಣಾ ಬಂದರ್ ಮಾರ್ಕೆಟ್ಟಿನಲ್ಲಿ ಕಾಬೂಲಿ ಕಡಲೆಗೆ ನಂಬರೇ ಹೆಸರು. ಧಾನ್ಯದ ಸಗಟು ವ್ಯಾಪಾರ ಮಸ್ಜಿದ್ ಬಂದರಿನಿಂದ ಖಾಡಿ ದಾಟಿ ಇಲ್ಲಿಗೆ ಬಂದಾಗ ಹಮಾಲರು, ಗೋಣಿ, ದಲಾಲರ ಜೊತೆಗೆ ಈ ನಂಬರುಗಳೂ ಬಂದವು. ‘ನಲವತ್ತೆರಡು-ನಲವತ್ತನಾಲ್ಕು’ ಎಂದರೆ ದೊಡ್ಡ ಕಾಳು, ‘ಐವತ್ತೆಂಟು-ಅರವತ್ತು’ ಎಂದರೆ ಅದಕ್ಕಿಂತ ಸಣ್ಣದು. ಒಂದು ಔನ್ಸಿಗೆ, ಅಂದರೆ 28.35 ಗ್ರಾಂ ತೂಕಕ್ಕೆ, ಎಷ್ಟು ಕಾಳು ಬೇಕು ಎಂಬುದು ಆ ನಂಬರು. ನಂಬರು ಇಳಿದಷ್ಟೂ ಕಾಳು ದಪ್ಪ, ದರ ಮೇಲೆ. ನಮ್ಮ ಮಂಗಳೂರು ಕಡೆಯ ಗೇರುಬೀಜಕ್ಕೂ ಇದೇ ಪದ್ಧತಿ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 320 ಬೀಜ. ತಕ್ಕಡಿ ಕೈಗೆಟುಕುವಲ್ಲಿ ಇದ್ದರೆ ಎಣಿಕೆ ಎಂಬುದು ಇಷ್ಟು ಸುಲಭ.

ತಕ್ಕಡಿ ಇಲ್ಲ, ಕಾಳೂ ಕೈಯಲ್ಲಿಲ್ಲ, ಬರೀ ಒಂದು ಫೋಟೋ ಇದೆ ಎಂದಾಗ ಮಜಾ ಶುರುವಾಗುತ್ತದೆ. ಒಂದು ಗಣೇಶೋತ್ಸವಕ್ಕೆ ನಮ್ಮ ಉಪನಗರದ ಕನ್ನಡ ಸಂಘದವರು ಗಾಜಿನ ಭರಣಿಯೊಂದರಲ್ಲಿ ಕಾಬೂಲಿ ಕಡಲೆ ತುಂಬಿ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಹಾಕಿ, ಎಷ್ಟು ಕಾಳಿವೆ ಹೇಳಿ ಎಂದು ಸ್ಪರ್ಧೆ ಇಟ್ಟರು. “ಸುಮ್ಮನೆ ಒಂದು ನಂಬರ್ ಹಾಕಿ ಮಾರಾಯ್ರೆ, ಹೋಗುವುದೇನು?” ಎಂದು ಕಾರ್ಯದರ್ಶಿಗಳ ಒತ್ತಾಯ ಬೇರೆ. ಐನೂರು ಎಂದವರಿದ್ದರು, ಹತ್ತು ಸಾವಿರ ಎಂದವರೂ ಇದ್ದರು. ಸ್ವಲ್ಪ ಗಣಿತದ ಗುಮಾನಿ ಇದ್ದವರೆಲ್ಲ ಐದೂವರೆ, ಆರು ಸಾವಿರದ ಆಸುಪಾಸಿನಲ್ಲಿ ಗುಂಪುಗೂಡಿದ್ದರು. ತಪ್ಪು ಹೀಗೆ ಒಂದೇ ಕಡೆ ಗುಂಪುಗೂಡಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಅವರು ಮಾಡಿದ್ದು ಇಷ್ಟೇ. ಚಿತ್ರದಲ್ಲಿ ಕಾಣುವ ಒಂದು ಅಡ್ಡ ಸಾಲನ್ನು ಎಡದಂಚಿನಿಂದ ಬಲದಂಚಿಗೆ ಎಣಿಸಿದರೆ 17 ಕಾಳು. ಕೆಳಗಿನಿಂದ ಮೇಲಕ್ಕೆ ಸುಮಾರು 20 ಪದರ. ಹದಿನೇಳು ಅಗಲ, ಹದಿನೇಳು ಆಳ, ಇಪ್ಪತ್ತು ಎತ್ತರ ಎಂದು ಗುಣಿಸಿದರೆ ಐದು ಸಾವಿರದ ಏಳುನೂರ ಎಂಬತ್ತು. ತರ್ಕ ಸರಿಯಿದ್ದಂತೆ ಕಾಣುತ್ತದೆ. ಆದರೆ ಭರಣಿ ಗುಂಡಗಿದೆಯಲ್ಲ! ಎದುರಿಗೆ ಕಾಣುವ ಸಾಲು ನೆಟ್ಟಗೆ ಅಡ್ಡಡ್ಡ ಹೋಗುವುದಿಲ್ಲ, ಗಾಜಿನ ಬಾಗನ್ನು ಅನುಸರಿಸಿ ಸುತ್ತಿಕೊಂಡು ಹೋಗುತ್ತದೆ. ಎಣಿಸಿದ್ದು ವ್ಯಾಸವನ್ನಲ್ಲ, ಅರ್ಧ ಪರಿಧಿಯನ್ನು. ಅರ್ಧ ಪರಿಧಿ ವ್ಯಾಸದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, 1.57 ಪಟ್ಟು. ಅಗಲಕ್ಕೂ ಆಳಕ್ಕೂ ಅದೇ ಸಂಖ್ಯೆ ಹಾಕಿದ್ದರಿಂದ ತಪ್ಪು ಸುಮಾರು ಎರಡೂವರೆ ಪಟ್ಟು ಉಬ್ಬಿತು. ಚಿತ್ರವನ್ನೇ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ನಡುವಿನ ಕಾಳುಗಳು ದುಂಡಗೆ, ಅಂಚಿನವು ಪಕ್ಕಕ್ಕೆ ತಿರುಗಿದ ಮುಖದಂತೆ ಕಿರಿದಾಗಿ, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಆ ಕಿರಿದಾದವನ್ನು ಎಣಿಸಲೇಬಾರದು.

ನಾನು ಹಳೆಯ ಕ್ಯಾಲೆಂಡರಿನ ಅಂಚು ಕತ್ತರಿಸಿ ಒಂದು ಕಾಗದದ ಪಟ್ಟಿ ಮಾಡಿಕೊಂಡೆ. ಚಿತ್ರದ ನಟ್ಟನಡುವಿನ ಕೆಲವು ಕಾಳುಗಳನ್ನು ಅಳೆದು ಸರಾಸರಿ ಅಗಲ ಗುರುತು ಮಾಡಿದೆ. ಕಡಲೆಗೆ ಒಂದು ಕಡೆ ಕೊಕ್ಕು ಇರುವುದರಿಂದ ಒಂದೇ ಕಾಳನ್ನು ನಂಬುವಂತಿಲ್ಲ. ಅದೇ ಗುರುತಿನಿಂದ ಭರಣಿಯ ಅಗಲವನ್ನು ಅಳೆದರೆ 10.6 ಕಾಳು ಬಂತು, ಹದಿನೇಳಲ್ಲ.

ಇಲ್ಲೂ ಎರಡು ಮೋಸಗಳು ಅಡಗಿವೆ. ಮೊದಲನೆಯದು ದೂರದ್ದು. ಎದುರಿನ ಕಾಳು ಕ್ಯಾಮೆರಾಕ್ಕೆ ಹತ್ತಿರ, ಭರಣಿಯ ಎಡ ಬಲ ಅಂಚುಗಳು ಅದಕ್ಕಿಂತ ಹಿಂದೆ. ಮೊಣಕೈ ಮಡಚಿ ಮೊಬೈಲು ಹಿಡಿದರೆ ಭರಣಿಯ ಮುಂಭಾಗ ಸುಮಾರು 40 ಸೆಂಟಿಮೀಟರ್, ಅದರ ನಡು ಸುಮಾರು 45. ಹತ್ತಿರದ ಕಾಳು ತುಸು ದೊಡ್ಡದಾಗಿ ಕಾಣುವುದರಿಂದ ಅಗಲದಲ್ಲಿ ಹಿಡಿಯುವ ಕಾಳುಗಳ ಸಂಖ್ಯೆ ಕಡಿಮೆ ಬರುತ್ತದೆ. 45ನ್ನು 40ರಿಂದ ಭಾಗಿಸಿ ಸರಿಪಡಿಸಿದರೆ 10.6 ಇದ್ದದ್ದು 11.9ರ ಹತ್ತಿರ ಹೋಗುತ್ತದೆ. ಎರಡನೆಯದು ಗಾಜಿನದು. ದುಂಡು ಭರಣಿಯ ಗಾಜು ತನ್ನ ದಪ್ಪವನ್ನು ತಾನೇ ಮುಚ್ಚಿಡುತ್ತದೆ. ಬೆಳಕು ಬಾಗುವುದರಿಂದ ಒಳಗಿನ ಕಡಲೆ ಹೊರಗೋಡೆಯವರೆಗೂ ತುಂಬಿದಂತೆ ಕಾಣುತ್ತದೆ. ಗಾಜಿನ ನಿಜವಾದ ದಪ್ಪ ಕಾಣುವುದು ಬಾಯಿಯ ಅಂಚಿನಲ್ಲಿ ಮಾತ್ರ. ಅಲ್ಲಿ ನೋಡಿದರೆ ಒಂದೊಂದು ಬದಿಗೂ ಮೂರೂವರೆ, ನಾಲ್ಕು ಮಿಲಿಮೀಟರ್. ಎರಡೂ ಬದಿ ಸೇರಿ ಹೆಚ್ಚುಕಡಿಮೆ ಒಂದು ಕಾಳಿನ ಜಾಗ. ಅದನ್ನು ಕಳೆದರೆ 11 ಉಳಿಯಿತು. ಒಂದು ಮೋಸ ಕೆಳಗೆಳೆದರೆ ಇನ್ನೊಂದು ಮೇಲೆಳೆದು, ಎರಡೂ ಸೇರಿ ನನ್ನನ್ನು ಹೆಚ್ಚುಕಡಿಮೆ ಹೊರಟಲ್ಲಿಗೇ ತಂದು ಬಿಟ್ಟವು. ತೆಳು ಗಾಜಿನ ಭರಣಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಎತ್ತರದ್ದು ಬೇರೆ ಕಥೆ. ಕಾಳುಗಳು ಇಟ್ಟಿಗೆ ಪೇರಿಸಿದಂತೆ ಒಂದರ ನೆತ್ತಿಯ ಮೇಲೊಂದು ಕೂರುವುದಿಲ್ಲ, ಕೆಳಗಿನ ಎರಡರ ಸಂದಿಗೆ ಜಾರುತ್ತವೆ. ಹಾಗಾಗಿ ಕಣ್ಣಿಗೆ ಕಾಣುವ ಪದರಗಳ ನಡುವಿನ ಅಂತರ ಒಂದು ಪೂರ್ತಿ ಕಾಳಿನಷ್ಟಿರುವುದಿಲ್ಲ. ಅಚ್ಚುಕಟ್ಟಾಗಿ ಜೋಡಿಸಿಕೊಂಡ ಕಡೆ ಅದು 0.87 ಕಾಳು ಮಾತ್ರ. ಪದರ ಎಣಿಸಿ ಅದನ್ನೇ ಎತ್ತರವೆಂದುಕೊಂಡರೆ ಲೆಕ್ಕ ಉಬ್ಬುತ್ತದೆ. ಇಲ್ಲೂ ಪಟ್ಟಿಯೇ ಗತಿ. ಮುಂಭಾಗದ ಕಾಳನ್ನೂ ಮುಂಭಾಗದ ಎತ್ತರವನ್ನೂ ಅಳೆಯುವುದರಿಂದ ದೂರದ ತಕರಾರು ಇಲ್ಲ. ಹತ್ತೊಂಬತ್ತೂವರೆ ಬಂತು. ಭರಣಿಯ ತಳ ಒಳಕ್ಕೆ ಉಬ್ಬಿದ್ದಕ್ಕೆ ಅರ್ಧ ಬಿಟ್ಟು 19 ಎಂದಿಟ್ಟುಕೊಂಡೆ.

ಇನ್ನು ಸಂದುಗಳ ಲೆಕ್ಕ. ಭರಣಿಯಲ್ಲಿ ಕಡಲೆಯ ಜೊತೆಗೆ ಗಾಳಿಯೂ ತುಂಬಿದೆ. ಒಟ್ಟು ಜಾಗದಲ್ಲಿ ಕಾಳುಗಳ ಪಾಲೆಷ್ಟು? ಹಣ್ಣಿನ ಅಂಗಡಿಯವನು ಮೋಸಂಬಿ ಪೇರಿಸುವ ಹಾಗೆ ಶಿಸ್ತಾಗಿ ಜೋಡಿಸಿದರೆ 0.74. ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಇಡಲಾಗದು ಎಂದು ಕೆಪ್ಲರ್ 1611ರಲ್ಲಿ ಹೇಳಿದ. ಥಾಮಸ್ ಹೇಲ್ಸ್ ಅದಕ್ಕೆ ಸಾಧನೆ ಸಿಕ್ಕಿತೆಂದು ಘೋಷಿಸಿದ್ದು 1998ರಲ್ಲಿ. ಆದರೆ ಸಂಘದವರು ಕಡಲೆಯನ್ನು ಜೋಡಿಸಲಿಲ್ಲ, ಸುರಿದರು. ಸುರಿದ ಗುಂಡುಗಳನ್ನು ಚೆನ್ನಾಗಿ ಕುಲುಕಿದರೂ 0.64ರ ಹತ್ತಿರ ನಿಂತುಬಿಡುತ್ತವೆ, ಕುಲುಕದಿದ್ದರೆ 0.6ರ ಆಸುಪಾಸು. ಜೊತೆಗೆ ಗೋಡೆಯ ಪ್ರಭಾವವೊಂದಿದೆ. ಸಂಜೆಯ ವಿರಾರ್ ಲೋಕಲ್ಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟವರು ಸಾಲಾಗಿ ನಿಂತಿರುತ್ತಾರೆ, ಅವರ ಬೆನ್ನಿನ ಹಿಂದೆ ಯಾರೂ ತೂರಲಾರದ ಸಣ್ಣ ಸಂದುಗಳು ಉಳಿಯುತ್ತವೆ. ಗಾಜಿಗೊರಗಿದ ಕಡಲೆಯೂ ಹಾಗೆಯೇ. ಅಗಲ ಹನ್ನೊಂದೇ ಕಾಳಿನಷ್ಟಿರುವ ಭರಣಿಯಲ್ಲಿ ಗೋಡೆಯ ಪಾಲು ಕಡೆಗಣಿಸುವಷ್ಟು ಸಣ್ಣದಲ್ಲ. ಆದ್ದರಿಂದ 0.6 ಸಾಕು.

ಈಗ ಗುಣಾಕಾರ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿಯಿದೆ. ಭರಣಿ ಗುಂಡು, ಕಾಳೂ ಗುಂಡು. ಮೇಲಿನ ಪೈ, ಕೆಳಗಿನ ಪೈ ಪರಸ್ಪರ ಹೊಡೆದುಹೋಗಿ 1.5 ಎಂಬ ಸಾಧು ಸಂಖ್ಯೆ ಉಳಿಯುತ್ತದೆ. ಅದನ್ನು 0.6ರಿಂದ ಗುಣಿಸಿದರೆ 0.9. ಅಂದರೆ ಅಗಲ, ಮತ್ತೆ ಅಗಲ, ಎತ್ತರ, ಮೂರನ್ನೂ ಕಾಳಿನ ಅಳತೆಯಲ್ಲಿ ಗುಣಿಸಿ ಹತ್ತರಲ್ಲೊಂದು ಪಾಲು ಕಳೆದರಾಯಿತು. ಹನ್ನೊಂದರ ವರ್ಗ 121, ಅದನ್ನು ಹತ್ತೊಂಬತ್ತರಿಂದ ಗುಣಿಸಿದರೆ 2,299, ಹತ್ತನೇ ಒಂದು ಕಳೆದರೆ 2,069. ಭರಣಿಯನ್ನು ಮೇಜಿಗೆ ಕುಟ್ಟಿ ಕುಟ್ಟಿ ತುಂಬಿದ್ದರೆ ಇದು 2,200 ಮುಟ್ಟಬಹುದು. ಬಹಳ ಸಡಿಲವಾಗಿದ್ದರೆ ಎರಡು ಸಾವಿರಕ್ಕೆ ಇಳಿಯಬಹುದು. 0.6 ಸರಿಯೋ 0.64 ಸರಿಯೋ ಎಂದು ತಲೆ ಕೆಡಿಸಿಕೊಳ್ಳುವವರನ್ನು ಕಂಡಿದ್ದೇನೆ. ಆ ಜಗಳದ ಬೆಲೆ ನೂರಕ್ಕೆ ಏಳು ಮಾತ್ರ. ಕಾಳಿನ ಅಗಲದಲ್ಲಿ ನೂರಕ್ಕೆ ಐದು ತಪ್ಪಿದರೆ ಉತ್ತರ ನೂರಕ್ಕೆ ಹದಿನೈದು ತಪ್ಪುತ್ತದೆ, ಏಕೆಂದರೆ ಆ ಅಗಲ ಲೆಕ್ಕದಲ್ಲಿ ಮೂರು ಸಲ ಬರುತ್ತದೆ.

ಇದೇ ಲೆಕ್ಕ ಎಲ್ಲಕ್ಕೂ ಒದಗದು. ಹೋಮಿಯೋಪತಿಯ ಸಕ್ಕರೆ ಗುಳಿಗೆಗಾದರೆ ಕಡಲೆಗಿಂತ ಚೆನ್ನಾಗಿ ಒದಗುತ್ತದೆ. ಅವು ನಿಜಕ್ಕೂ ಗುಂಡು, ಅಳತೆಯೂ ಹೆಸರಲ್ಲೇ ಇದೆ: ಹತ್ತು ಗುಳಿಗೆ ಸಾಲಾಗಿಟ್ಟರೆ 30 ಮಿಲಿಮೀಟರ್ ಆಗುವುದು 30 ನಂಬರಿನದು. ಚಪ್ಪಟೆ ಮಾತ್ರೆಗೆ ಇದು ನಡೆಯದು. 2004ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಎಂ ಅಂಡ್ ಎಂ ಚಾಕೊಲೇಟ್ ಗುಂಡಿಗಳನ್ನು ಸುರಿದು ನೋಡಿ, ಚಪ್ಪಟೆಯವು ಗುಂಡುಗಳಿಗಿಂತ ಒತ್ತಾಗಿ ಕೂರುತ್ತವೆ, 0.68ಕ್ಕೂ ಮೇಲೆ ಹೋಗುತ್ತವೆ ಎಂದು ಪ್ರಕಟಿಸಿದರು. ಕಾಳಿನ ಆಕಾರಕ್ಕೆ ತಕ್ಕಂತೆ ಲೆಕ್ಕ ಬದಲಿಸಬೇಕೆಂಬ ಅರಿವು ನಮ್ಮಲ್ಲೂ ಹಳೆಯದು. ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ನೆಲದ ಮೇಲಿನ ಧಾನ್ಯದ ರಾಶಿ ಅಳೆಯುವಾಗ, ದಪ್ಪ ಕಾಳಾದರೆ ರಾಶಿಯ ಎತ್ತರ ಸುತ್ತಳತೆಯ ಹತ್ತರಲ್ಲೊಂದು, ಸಣ್ಣ ಕಾಳಾದರೆ ಹನ್ನೊಂದರಲ್ಲೊಂದು, ಮುಳ್ಳುತೆನೆಯ ಧಾನ್ಯವಾದರೆ ಒಂಬತ್ತರಲ್ಲೊಂದು ಎಂದು ಬೇರೆ ಬೇರೆ ಹೇಳುತ್ತಾರೆ. ಸುತ್ತಳತೆಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸಿದರೆ ಗಾತ್ರ ಬಂತು. ರಾಶಿಯ ಸುತ್ತ ಒಂದು ಹಗ್ಗ ಹಾಯಿಸಿದರೆ ಮುಗಿಯಿತು! ಅವರಿಗೆ ಬೇಕಾದದ್ದು ಎಷ್ಟು ಖಾರಿ ಎಂಬುದು. ಎಷ್ಟು ಕಾಳು ಎಂದು ಕೇಳುವ ಕೆಲಸವಿಲ್ಲದ ಕೆಲಸ ನಮ್ಮ ಕಾಲದ್ದು.

ಚೌತಿಯ ದಿನ ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ ಹತ್ತತ್ತರ ಗುಡ್ಡೆ ಮಾಡಿಸಿ ಎಣಿಸಿದರು. 2,113 ಬಂತು. ನನ್ನದು 44 ಕಡಿಮೆ. ಗೆದ್ದವರು ವಾಶಿಯಲ್ಲಿ ಬಹುಕಾಲ ಧಾನ್ಯದ ಪೇಢಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಹಿರಿಯರೊಬ್ಬರು. ಅವರು ಪಟ್ಟಿ ಹಿಡಿಯಲಿಲ್ಲ, ಪೈ ಹೊಡೆಯಲಿಲ್ಲ. “ಅದು ಐವತ್ತೆಂಟು-ಅರವತ್ತರ ಮಾಲು. ಭರಣಿ ಕಿಲೋದ್ದು. ಕಿಲೋಗೆ ಮೂವತ್ತೈದು ಔನ್ಸ್, ಅರವತ್ತು ಹಾಕಿ. ಎರಡು ಸಾವಿರದ ನೂರು,” ಎಂದರು. ಆಮೇಲೆ ಕೇಳಿದರೆ ಸಂಘದವರು ಸುರಿದದ್ದು ಒಂದು ಕಿಲೋದ ಪ್ಯಾಕೆಟ್ಟೇ. ಇದಕ್ಕೆ ವಾದವಿಲ್ಲ. ಭರಣಿಯ ಗಾತ್ರ ಕಣ್ಣಿಗೆ ಕಟ್ಟಿದವರಿಗೆ ಪದರದ ಹಂಗು ಬೇಡ.

ಇಂಥ ಸ್ಪರ್ಧೆ ಇಡುವ ಸಂಘಗಳಲ್ಲಿ ಒಂದು ಕೇಳಿಕೆ. ಅಂಗಡಿಯ ಪ್ಯಾಕೆಟ್ಟನ್ನು ಹಾಗೇ ಸುರಿಯದೆ ಒಂದೆರಡು ಹಿಡಿ ತೆಗೆದಿಡಿ, ಭರಣಿಯ ಬಾಯಿಯ ಅಂಚು ಕಾಣುವ ಹಾಗೆ ನಾಲ್ಕು ಹೆಜ್ಜೆ ಹಿಂದೆ ನಿಂತು ಚಿತ್ರ ತೆಗೆಯಿರಿ, ತುಂಬುವಾಗ ಕುಟ್ಟಿದಿರೋ ಇಲ್ಲವೋ ಎಂಬುದನ್ನು ಚಿತ್ರದ ಕೆಳಗೆ ಬರೆದುಬಿಡಿ.