ಪ್ರಾಜೆಕ್ಟ್ ರಿಪೋರ್ಟ್, ಭಾಗ 4: ಉದ್ರಿಗೂ ದುಡ್ಡು ಬೇಕು

ಮಷಿನ್ ಕೊಟೇಶನ್ ಸಿಕ್ಕ ತಕ್ಷಣ ರಿಪೋರ್ಟ್ ಮುಗೀತು ಅಂದ್ಕೋಬೇಡ್ರಿ. ಕೂಡ್ಲಿಗಿ ಕಡೆಯ ನಮ್ಮ ಚಿಕ್ಕಮ್ಮ ಪಿಎಂಇಜಿಪಿ ಸಾಲದಲ್ಲಿ ಶೇಂಗಾ ಚಟ್ನಿಪುಡಿ ಘಟಕ ಮಾಡ್ತೀನಿ ಅಂದಾಗ, ನಾವಿಬ್ರೂ ಕೂತು ಮೊದಲು ಎಣಿಸಿದ್ದು ದಿನಗಳನ್ನ.

ಶೇಂಗಾ ದಾಸ್ತಾನು 10 ದಿನ. ಹುರಿದು, ಕುಟ್ಟಿ, ಪ್ಯಾಕ್ ಮಾಡೋಕೆ 2. ಮಾರಾಟಕ್ಕೆ ಕಾಯೋ ಪಾಕೀಟು 3. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಅಂಗಡಿಯವ್ರ ಉದ್ರಿ 15. ಒಟ್ಟು 30. ಅಂದ್ರೆ ಇವತ್ತು ಹಾಕಿದ ರೂಪಾಯಿ ತಿರುಗಿ ಕೈಗೆ ಬರೋಕೆ ಒಂದು ತಿಂಗಳು. ಶೇಂಗಾ, ಮೆಣಸಿನಕಾಯಿ, ಕೂಲಿ, ಕರೆಂಟು ಸೇರಿ ದಿನದ ಖರ್ಚು 4,000. ಹಾಗಾಗಿ ಮೋಟಾ ಲೆಕ್ಕದಲ್ಲಿ ದುಡಿಯುವ ಬಂಡವಾಳ 1,20,000.

ಉದ್ರಿ ಬಿಟ್ಟು ಬರೆದಿದ್ರೆ 60,000 ಆಗ್ತಿತ್ತು. ಹದಿನೈದು ದಿನ ಕಳೆದ್ರೆ ಮಷಿನ್ ಇರುತ್ತೆ, ಶೇಂಗಾ ತರೋಕೆ ದುಡ್ಡಿರಲ್ಲ.

ಹಾಗಂತ ಉಬ್ಬಿಸಿ ಬರೆಯೋ ಹಂಗೂ ಇಲ್ಲ. ಪಿಎಂಇಜಿಪಿ ಯೋಜನಾ ವೆಚ್ಚಕ್ಕೆ ಸೇರಿಸೋದು ಒಂದು ಸುತ್ತಿನ ದುಡಿಯುವ ಬಂಡವಾಳ ಮಾತ್ರ. ಮೂರು ವರ್ಷದೊಳಗೆ ಆ ಕ್ಯಾಶ್ ಕ್ರೆಡಿಟ್ ಮಿತಿಯನ್ನ ಒಮ್ಮೆಯಾದ್ರೂ ಪೂರ್ತಿ ಬಳಸಿರಬೇಕು, ಬಳಕೆ ಶೇ. 75ಕ್ಕಿಂತ ಕಮ್ಮಿ ಇರಬಾರ್ದು. ಇಲ್ಲಾಂದ್ರೆ ಅಷ್ಟಕ್ಕೆ ತಕ್ಕ ಸಬ್ಸಿಡಿ ವಾಪಸ್ ಹೋಗುತ್ತೆ.

ರಿಪೋರ್ಟ್ ಬರೆಯೋ ಮುಂಚೆ ನಾಲ್ಕು ಅಂಗಡಿಗೆ ಹೋಗಿ, "ಎಷ್ಟು ದಿನಕ್ಕೆ ದುಡ್ಡು ಕೊಡ್ತೀರಿ?" ಅಂತ ಕೇಳ್ರಿ.