ಟಿಪ್ಸಿಗೂ ಒಂದು ಲೆಕ್ಕ

ಕೊಳ್ಳೇಗಾಲ, ಹನೂರು, ಯಳಂದೂರಿನ ಹೋಟೆಲುಗಳಲ್ಲಿ ಸಪ್ಲೈಯರಿಗೆ ಕೊಡುವ ಟಿಪ್ಸ್ ಗಿರಾಕಿಯ ಮನಸ್ಸಿಗೆ ಬಿಟ್ಟದ್ದು. ಚಿಲ್ಲರೆ ವಾಪಸ್ ಬಂದಾಗ ಐದೋ ಹತ್ತೋ ರೂಪಾಯಿಯನ್ನು ಸೋಂಪಿನ ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಬಿಡದಿದ್ದರೂ ಯಾರೂ ಕೇಳುವುದಿಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಇಲ್ಲಿಯ ತಂದೆತಾಯಿ ಇದೇ ರೂಢಿಯಲ್ಲಿ ಖರ್ಚಿನ ಪಟ್ಟಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಟಿಪ್ಸ್ ಎಂದರೆ ಬಡಿಸುವವರ ದುಡಿಮೆಯ ದೊಡ್ಡ ಪಾಲು.

ಕಾರಣ ಕೂಲಿಯ ಕಾನೂನಿನಲ್ಲಿದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಈ ಮೊತ್ತ ಏರಿಲ್ಲ. ಟಿಪ್ಸ್ ಸೇರಿಸಿಯೂ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಪೂರ್ತಿ ಕನಿಷ್ಠ ಕೂಲಿ ಕೊಡಿಸುತ್ತವೆ, ಆದರೂ ಟಿಪ್ಸ್ ಪದ್ಧತಿ ಅಲ್ಲಿಯೂ ಸಡಿಲಾಗಿಲ್ಲ. ಊಟ ಚೆನ್ನಾಗಿರಲಿಲ್ಲ ಎಂದು ಟಿಪ್ಸ್ ಬಿಡದೆ ಎದ್ದು ಬಂದರೆ ಅಡುಗೆಯವರಿಗಿಂತ ಹೆಚ್ಚು ನಷ್ಟ ಬಡಿಸಿದವರಿಗೇ, ಅದು ನ್ಯಾಯವಲ್ಲ.

ಕೂತು ಉಣ್ಣುವ ಹೋಟೆಲಿನಲ್ಲಿ ಊಟದ ಬೆಲೆಯ ನೂರಕ್ಕೆ 15ರಿಂದ 20ರಷ್ಟು ಕೊಡುವುದು ವಾಡಿಕೆ. ನ್ಯೂಜೆರ್ಸಿಯಲ್ಲಿ ನಾಲ್ವರ ಊಟಕ್ಕೆ 80 ಡಾಲರ್ ಆಯಿತೆನ್ನಿ. ಅಲ್ಲಿಯ ಮಾರಾಟ ತೆರಿಗೆ ನೂರಕ್ಕೆ 6.625, ಅಂದರೆ 5.30 ಡಾಲರ್. ಟಿಪ್ಸನ್ನು ತೆರಿಗೆ ಬಿಟ್ಟು 80ರ ಮೇಲೆಯೇ ಹಾಕಬಹುದು. ನೂರಕ್ಕೆ 18ರಂತೆ 14.40 ಡಾಲರ್. ಒಟ್ಟು 99.70. ಮೆನುವಿನ ಬೆಲೆಗೆ ಅದರ ಕಾಲು ಭಾಗ ಸೇರಿಸಿಕೊಂಡೇ ತಿಂಡಿ ಆರಿಸಿದರೆ ಬಿಲ್ಲು ಬಂದಾಗ ಎದೆ ಧಸಕ್ ಎನ್ನುವುದಿಲ್ಲ. ಕೌಂಟರಿನಲ್ಲಿ ಕಾಫಿ ತೆಗೆದುಕೊಂಡಾಗಲೂ ಪರದೆ 18, 20, 25 ಎಂದು ತೋರಿಸುವುದುಂಟು. ಅಲ್ಲಿ ಬಡಿಸುವ ಕೆಲಸವೇ ಇಲ್ಲದ್ದರಿಂದ ‘ನೋ ಟಿಪ್’ ಒತ್ತಲು ಸಂಕೋಚ ಬೇಕಿಲ್ಲ.

ಹಣ ಹೆಚ್ಚು ಪೋಲಾಗುವುದು ಗುಂಪಾಗಿ ಉಂಡಾಗ. ಆರು ಅಥವಾ ಹೆಚ್ಚು ಜನ ಕೂತರೆ ಅನೇಕ ಹೋಟೆಲುಗಳು ‘ಗ್ರಾಚ್ಯುಯಿಟಿ’ ಅಥವಾ ‘ಸರ್ವಿಸ್ ಚಾರ್ಜ್’ ಎಂದು ನೂರಕ್ಕೆ 18ನ್ನು ತಾವೇ ಸೇರಿಸುತ್ತವೆ. ಆದರೂ ಕಾರ್ಡಿನ ಚೀಟಿಯಲ್ಲಿ ಟಿಪ್ಸಿನ ಸಾಲು ಖಾಲಿ ಇರುತ್ತದೆ. 150 ಡಾಲರ್ ಊಟಕ್ಕೆ 27 ಆಗಲೇ ಸೇರಿರುವಾಗ, ಅದನ್ನು ನೋಡದೆ ನೂರಕ್ಕೆ 20ರಂತೆ ಮತ್ತೆ 30 ಬರೆದರೆ ಒಂದೇ ಸೇವೆಗೆ 57 ಡಾಲರ್ ಕೊಟ್ಟಂತೆ. ಸಹಿ ಹಾಕುವ ಮುಂಚೆ ಬಿಲ್ಲನ್ನು ಮೇಲಿಂದ ಕೆಳಗೆ ಓದಬೇಕು. ಮೊದಲೇ ಸೇರಿದ್ದರೆ ಆ ಸಾಲಿನ ಮೇಲೆ ಗೆರೆ ಎಳೆದು ಒಟ್ಟು ಮೊತ್ತ ಬರೆದರಾಯಿತು. ಭಾರತದಲ್ಲಿ ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿ ಹಾಕಬಾರದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಾದ ಅಮೆರಿಕದ ಹೋಟೆಲಿನಲ್ಲಿ ನಡೆಯದು.

ಮಗಳ ಮನೆಯಿಂದ ದಂಪತಿಗಳಿಬ್ಬರು ಏಳು ದಿನ, ಆರು ರಾತ್ರಿಯ ಪ್ರವಾಸಕ್ಕೆ ಹೊರಟರೆಂದು ಹಿಡಿದು ಪಟ್ಟಿ ಹಾಕಬಹುದು. ದಿನಕ್ಕೊಂದು ಕೂತುಣ್ಣುವ ಊಟ, 50 ಡಾಲರಿನಂತೆ ಒಟ್ಟು 350. ನೂರಕ್ಕೆ 18ರಂತೆ ಟಿಪ್ಸ್ 63. ಟ್ಯಾಕ್ಸಿ ಬಾಡಿಗೆ 150. ನೂರಕ್ಕೆ 15ರಂತೆ 22.50. ಲಾಡ್ಜಿನ ಕೋಣೆ ಗುಡಿಸಿ ಹಾಸಿಗೆ ಬದಲಿಸುವವರಿಗೆ ರಾತ್ರಿಗೆ 3ರಂತೆ 18. ಎರಡು ಪೆಟ್ಟಿಗೆ ಹೊತ್ತವರಿಗೆ ಹೋಗುವಾಗ ಬರುವಾಗ ಪೆಟ್ಟಿಗೆಗೆ 2ರಂತೆ 8. ಎಲ್ಲ ಸೇರಿ 111.50 ಡಾಲರ್, ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು ಹತ್ತು ಸಾವಿರ.

ಊಟ, ಟ್ಯಾಕ್ಸಿಯ ಟಿಪ್ಸ್ ಕಾರ್ಡಿನಲ್ಲೇ ಹೋಗುತ್ತದೆ. ಕೋಣೆಯವರಿಗೂ ಪೆಟ್ಟಿಗೆಯವರಿಗೂ ನಗದೇ ಬೇಕು, ಹಾಗಾಗಿ ಒಂದೊಂದು ಡಾಲರಿನ ನೋಟು ಮೂವತ್ತರಷ್ಟು ಜೇಬಿನಲ್ಲಿರಲಿ; ನೂರರ ನೋಟಿನಿಂದ ಪ್ರಯೋಜನವಿಲ್ಲ. ಕೋಣೆಯ ಹಣವನ್ನು ದಿನಾ ಬೆಳಿಗ್ಗೆ ದಿಂಬಿನ ಬಳಿ, ‘ಥ್ಯಾಂಕ್ ಯೂ’ ಎಂದು ಬರೆದ ಚೀಟಿಯೊಂದಿಗೆ ಇಡುವುದು ಒಳ್ಳೆಯದು. ಗುಡಿಸುವವರು ದಿನದಿನಕ್ಕೆ ಬದಲಾಗಬಹುದು, ಚೀಟಿಯಿಲ್ಲದ ಹಣವನ್ನು ಮರೆತು ಹೋದದ್ದೆಂದು ಅವರು ಮುಟ್ಟದಿರಬಹುದು. ಲಾಡ್ಜಿನ ಬಿಲ್ಲಿನಲ್ಲಿ ‘ರೆಸಾರ್ಟ್ ಫೀ’ ಎಂದಿದ್ದರೆ ಅದು ಮಾಲೀಕರದು, ಕೆಲಸದವರಿಗೆ ಸೇರುವ ಟಿಪ್ಸ್ ಅಲ್ಲ.

ಟೂರ್ ಕಂಪನಿಯ ಪ್ಯಾಕೇಜಿನಲ್ಲಿ ಹೋಗುವವರು ಬಸ್ ಚಾಲಕ ಮತ್ತು ಗೈಡಿನ ಟಿಪ್ಸ್ ಬೆಲೆಯೊಳಗೇ ಇದೆಯೇ, ತಲೆಗೆ ದಿನಕ್ಕೆ ಎಷ್ಟೆಂದು ಬೇರೆ ಕೊಡಬೇಕೇ ಎಂಬುದನ್ನು ಮುಂಗಡ ಕಟ್ಟುವ ಮುನ್ನವೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.